ಸರಾಸರಿ, ವೇರಿಯನ್ಸ್ ಎರಡೇ ಕೊಟ್ಟು 'ಕನಿಷ್ಠ ಸಂಭವನೀಯತೆ ಎಷ್ಟು?' ಎಂದು ಕೇಳಿದಾಗ: ಫೋಟೊದಲ್ಲಿ ಬಂದ ಪ್ರಶ್ನೆಯನ್ನು ಬಿಡಿಸುವ ಬಗೆ

ಪರೀಕ್ಷೆ ಹತ್ತಿರ ಬಂತೆಂದರೆ ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಡಿಗ್ರಿ ವಿದ್ಯಾರ್ಥಿಗಳಿಂದ ಒಂದೇ ಬಗೆಯ ಫೋಟೊ ಬರತೊಡಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಯ ಅರ್ಧ ಪುಟ, ಒಂದು ಪ್ರಶ್ನೆಯ ಸುತ್ತ ಪೆನ್ನಿನ ಗೆರೆ, ಕೆಳಗೆ ಒಂದು ಸಾಲು: "ಸರ್, ಇದರಲ್ಲಿ ಡಿಸ್ಟ್ರಿಬ್ಯೂಶನ್ನೇ ಕೊಟ್ಟಿಲ್ಲ, ಹೆಂಗೆ ಮಾಡೋದು?"

ಅದನ್ನು ಕೊಡದೇ ಇರುವುದೇ ನಿಮಗೆ ಸಿಕ್ಕ ಸುಳಿವು. ಸರಾಸರಿ ಕೊಟ್ಟಿದ್ದಾರೆ, ವೇರಿಯನ್ಸ್ ಕೊಟ್ಟಿದ್ದಾರೆ, ಬೇರೇನೂ ಇಲ್ಲ, ಆದರೂ 'ಕನಿಷ್ಠ ಇಷ್ಟು' ಎಂದು ಹೇಳಿ ಎನ್ನುತ್ತಾರೆ. ಅಂದರೆ ಅವರು ಕೇಳುತ್ತಿರುವುದು ಚೆಬಿಶೆವ್ ಅಸಮತೆ. ಕೆಲವು ಪ್ರಶ್ನೆಪತ್ರಿಕೆಗಳಲ್ಲಿ ಇದೇ ಹೆಸರು ಚೆಬಿಚೆವ್, ಚೆಬಿಚೆಫ್ ಎಂದೂ ಇರುತ್ತದೆ. ಎಲ್ಲವೂ ಒಂದೇ. ಫ್ರಾನ್ಸಿನ ಬಿಯೆನೆಮೆ 1853ರಲ್ಲಿ, ರಷ್ಯಾದ ಚೆಬಿಶೆವ್ 1867ರಲ್ಲಿ ಇದನ್ನು ಪ್ರಕಟಿಸಿದರು. ಪಠ್ಯದಲ್ಲಿ ಉಳಿದದ್ದು ಎರಡನೆಯವರ ಹೆಸರು.

ಮೊದಲು ಬೇಕಾದ ನಾಲ್ಕು ಮಾತುಗಳು

X ಎಂದರೆ ದಿನದಿಂದ ದಿನಕ್ಕೆ ಬದಲಾಗುವ ಒಂದು ಅಳತೆ. ಅದರ ಸರಾಸರಿಯನ್ನು μ ಎಂದು ಬರೆಯುತ್ತೇವೆ. X ತನ್ನ ಸರಾಸರಿಯಿಂದ ಎಷ್ಟು ದೂರ ಹೋಯಿತು ಎಂದು ನೋಡಿ, ಆ ದೂರವನ್ನು ವರ್ಗ ಮಾಡಿ, ಆ ವರ್ಗಗಳ ಸರಾಸರಿ ತೆಗೆದರೆ ಸಿಗುವುದೇ ವೇರಿಯನ್ಸ್. ಅದನ್ನು σ² ಎಂದು ಬರೆಯುತ್ತೇವೆ. ಅದರ ವರ್ಗಮೂಲ σ, ಅಂದರೆ ಮಾನಕ ವಿಚಲನೆ, ತರಗತಿಯಲ್ಲಿ ನಾವು ಎಸ್.ಡಿ. ಎನ್ನುವುದು. X ಕಿಲೋದಲ್ಲಿ ಇದ್ದರೆ σ ಕೂಡ ಕಿಲೋದಲ್ಲಿರುತ್ತದೆ, ಆದರೆ ವೇರಿಯನ್ಸ್ ಕಿಲೋದ ವರ್ಗದಲ್ಲಿರುತ್ತದೆ. ಈ ವ್ಯತ್ಯಾಸ ಮುಂದೆ ನಮ್ಮನ್ನು ಒಂದು ದೊಡ್ಡ ತಪ್ಪಿನಿಂದ ಉಳಿಸುತ್ತದೆ.

ನಾಲ್ಕನೆಯದು ಬಾಲ, ಅಂದರೆ ಟೈಲ್. ಸರಾಸರಿಯಿಂದ ದೂರದಲ್ಲಿರುವ ಭಾಗಕ್ಕೆ ಹಾಗೆನ್ನುತ್ತಾರೆ. ಬಾಲದ ಸಂಭವನೀಯತೆ ಇದಕ್ಕಿಂತ ಜಾಸ್ತಿ ಇರಲಾರದು ಎಂದು ಹೇಳುವ ಮಾತೇ ಟೈಲ್ ಬೌಂಡ್. ಬಾಲಕ್ಕೆ ಮೇಲಿನ ಮಿತಿ ಸಿಕ್ಕರೆ, ಅದನ್ನು 1ರಿಂದ ಕಳೆದಾಗ ನಡುವಿನ ಭಾಗಕ್ಕೆ ಕೆಳಗಿನ ಮಿತಿ ಸಿಗುತ್ತದೆ. ಪ್ರಶ್ನೆಯಲ್ಲಿ 'ಕನಿಷ್ಠ' ಎಂದು ಕೇಳುವುದು ಈ ಎರಡನೆಯದನ್ನು.

ನಾವು ಬಿಡಿಸುವ ಪ್ರಶ್ನೆ

ದಾವಣಗೆರೆಯಲ್ಲಿ ಇದ್ದೇವೆ, ಹಾಗಾಗಿ ಮಂಡಕ್ಕಿಯನ್ನೇ ಇಟ್ಟುಕೊಳ್ಳೋಣ. ಈ ಅಂಕಿಗಳು ಲೆಕ್ಕಕ್ಕಾಗಿ ನಾನು ಆರಿಸಿಕೊಂಡವು, ಯಾವ ಅಂಗಡಿಯ ನಿಜವಾದ ವ್ಯಾಪಾರವೂ ಅಲ್ಲ.

"ಒಂದು ಸಗಟು ಅಂಗಡಿಯಲ್ಲಿ ದಿನಕ್ಕೆ ಮಾರಾಟವಾಗುವ ಮಂಡಕ್ಕಿಯ ತೂಕ X ಕಿಲೋ. ಅದರ ಸರಾಸರಿ 120, ವೇರಿಯನ್ಸ್ 64. ಒಂದು ದಿನದ ಮಾರಾಟ 100 ಮತ್ತು 140 ಕಿಲೋಗಳ ನಡುವೆ ಇರುವ ಸಂಭವನೀಯತೆ ಕನಿಷ್ಠ ಎಷ್ಟು?"

ಹಂತ 1: ಫೋಟೊವನ್ನು ಸರಿಯಾಗಿ ಓದಿ

ಇದನ್ನು ಒಂದು ಹಂತ ಎಂದು ಯಾರೂ ಎಣಿಸುವುದಿಲ್ಲ. ಆದರೆ ನನ್ನ ಕೈಗೆ ಬರುವ ತಪ್ಪು ಉತ್ತರಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟಿರುತ್ತವೆ. ಸೂತ್ರ ಸರಿ ಇರುತ್ತದೆ, ಗುಣಾಕಾರ ಸರಿ ಇರುತ್ತದೆ, ಅದಕ್ಕೆ ಹಾಕಿದ ಅಂಕಿ ಮಾತ್ರ ಬೇರೆ.

ಮೊದಲು ನೋಡಬೇಕಾದದ್ದು σ ತಲೆಯ ಮೇಲಿನ ಪುಟ್ಟ 2. ಸ್ಕ್ಯಾನ್ ಮಾಡುವ ಆ್ಯಪ್‌ಗಳು ಪುಟವನ್ನು ಕಪ್ಪು ಬಿಳುಪು ಮಾಡುವಾಗ ಸಣ್ಣ ಗುರುತುಗಳು ಅಳಿಸಿಹೋಗುತ್ತವೆ. ಆಗ `σ² = 64` ಎನ್ನುವುದು `σ = 64` ಎಂದು ಕಾಣುತ್ತದೆ. ಎರಡಕ್ಕೂ ಉತ್ತರ ಪೂರ್ತಿ ಬೇರೆ. ಅನುಮಾನ ಬಂದರೆ ಎರಡೂ ರೀತಿ ಲೆಕ್ಕ ಮಾಡಿ ನೋಡಿ. 64 ಎಂಬುದನ್ನು ಎಸ್.ಡಿ. ಎಂದುಕೊಂಡರೆ ವೇರಿಯನ್ಸ್ 4096 ಆಗುತ್ತದೆ. ನಾವು ಕೇಳುತ್ತಿರುವ ದೂರ 20, ಅದರ ವರ್ಗ 400. 4096 ಭಾಗಿಸು 400 ಎಂದರೆ 10.24. 1ರಿಂದ 10.24 ಕಳೆದರೆ ಮೈನಸ್ 9.24. ಪ್ರಶ್ನೆ ಹಾಕುವವರು ಇಂಥ ಉತ್ತರ ಬರುವಂತೆ ಅಂಕಿ ಕೊಡುವುದಿಲ್ಲ, ಅಲ್ವಾ? ಹಾಗಾಗಿ ಅಳಿಸಿಹೋದ 2 ಅಲ್ಲಿ ಇತ್ತು ಎಂದು ಗೊತ್ತಾಗುತ್ತದೆ.

ತಿರುಗಿಸಿದ ತಪ್ಪು ಇನ್ನೂ ಕಷ್ಟದ್ದು. ಪ್ರಶ್ನೆಯಲ್ಲಿ ಎಸ್.ಡಿ. 8 ಎಂದಿದೆ, ನೀವು ಅದನ್ನೇ ವೇರಿಯನ್ಸ್ ಎಂದು ಹಾಕಿದಿರಿ ಅನ್ನಿ. ಆಗ 8/400 ಅಂದರೆ 0.02, ಉತ್ತರ 0.98. ನೋಡಲು ಚೆನ್ನಾಗಿಯೇ ಇದೆ, ತಪ್ಪು ಎಂದು ಕೂಗಿ ಹೇಳುವ ಮೈನಸ್ ಚಿಹ್ನೆ ಇಲ್ಲ. ಇದನ್ನು ಹಿಡಿಯಲು ಇರುವ ದಾರಿ ಒಂದೇ. ಅಂಕಿಯ ಮುಂದೆ ಇರುವ ಪದವನ್ನು ಓದಿ: ವೇರಿಯನ್ಸ್ ಎಂದಿದೆಯೋ, ಸ್ಟ್ಯಾಂಡರ್ಡ್ ಡಿವಿಯೇಶನ್ ಎಂದಿದೆಯೋ? ಆ ಪದ ಫೋಟೊದ ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ ಪುಟವನ್ನು ಇನ್ನೊಮ್ಮೆ ಕಳಿಸಲು ಕೇಳಿ. ಊಹೆ ಮಾಡಬೇಡಿ.

ಇನ್ನೊಂದು ವೇಷವೂ ಇದೆ. ವೇರಿಯನ್ಸ್ ಕೊಡದೆ `E(X) = 120, E(X²) = 14464` ಎಂದು ಕೊಡುತ್ತಾರೆ. E(X²) ಎಂದರೆ X ವರ್ಗದ ಸರಾಸರಿ. ಅದು ವೇರಿಯನ್ಸ್ ಅಲ್ಲ. ಅದರಿಂದ ಸರಾಸರಿಯ ವರ್ಗವನ್ನು ಕಳೆಯಬೇಕು: 14464 − 14400 = 64. ಕಳೆಯದೆ 14464 ಅನ್ನೇ ಸೂತ್ರಕ್ಕೆ ಹಾಕಿ, ಉತ್ತರ ವಿಚಿತ್ರವಾಗಿ ಬಂತು ಎಂದು ಹೇಳುವವರು ಪ್ರತಿ ಸಲವೂ ಇರುತ್ತಾರೆ.

ಆಮೇಲೆ ಪ್ರಶ್ನೆಯ ಮೊದಲ ಸಾಲು ನೋಡಿ. ಕೆಳಗಿನ ಸಾಲುಗಳನ್ನಷ್ಟೇ ಫೋಟೊ ತೆಗೆದು, 'X ನಾರ್ಮಲ್ ಡಿಸ್ಟ್ರಿಬ್ಯೂಶನ್ ಹೊಂದಿದೆ' ಎಂಬ ಮೇಲಿನ ಸಾಲನ್ನು ಬಿಟ್ಟಿರುವುದು ಅಪರೂಪವೇನಲ್ಲ. ಆ ಸಾಲು ಇದ್ದರೆ ಈ ಲೇಖನದ ದಾರಿ ಬೇಡ, ನಾರ್ಮಲ್ ಟೇಬಲ್ ಬಳಸಬೇಕು. 'ಕನಿಷ್ಠ', 'ಕೆಳಗಿನ ಮಿತಿ', 'ಲೋವರ್ ಬೌಂಡ್' ಎಂಬ ಮಾತು ಇದ್ದು, ಡಿಸ್ಟ್ರಿಬ್ಯೂಶನ್ ಹೆಸರು ಎಲ್ಲೂ ಇಲ್ಲದಿದ್ದರೆ ಮಾತ್ರ ಮುಂದೆ ಹೋಗಿ.

ಒಂದು ಸಮಾಧಾನದ ವಿಷಯ. `<` ಕೆಳಗಿನ ಗೆರೆ ಫೋಟೊದಲ್ಲಿ ಮಾಯವಾಗಿ, ಅದು `<` ಇದೆಯೋ `≤` ಇದೆಯೋ ಗೊತ್ತಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. 100 ಮತ್ತು 140 ಎಂಬ ಅಂಚುಗಳನ್ನು ಹೊರಗಿಟ್ಟು ನಾವು ಕೊಡುವ ಖಾತ್ರಿ, ಅಂಚುಗಳನ್ನು ಒಳಗೆ ಸೇರಿಸಿಕೊಂಡರೂ ಉಳಿಯುತ್ತದೆ. ಒಳಗೆ ಇನ್ನಷ್ಟು ಸೇರಿದರೆ ಸಂಭವನೀಯತೆ ಕಡಿಮೆಯಾಗಲು ಸಾಧ್ಯವಿಲ್ಲ.

ಹಂತ 2: ಅಂತರವನ್ನು ದೂರವಾಗಿ ಬದಲಿಸಿ

ಚೆಬಿಶೆವ್‌ಗೆ '100ರಿಂದ 140' ಎಂಬ ಭಾಷೆ ಅರ್ಥವಾಗುವುದಿಲ್ಲ. ಸರಾಸರಿಯಿಂದ ಎಷ್ಟು ದೂರ ಎಂದು ಹೇಳಬೇಕು. 120ರಿಂದ 100ಕ್ಕೆ 20. 120ರಿಂದ 140ಕ್ಕೆ 20. ಎರಡೂ ಕಡೆ ಒಂದೇ ದೂರ. ಇದನ್ನು c ಎನ್ನೋಣ. ಹಾಗಾಗಿ

`P(100 < X < 140) = P(|X − 120| < 20)`

ಎರಡು ಕಡೆಯ ದೂರ ಒಂದೇ ಇದೆಯಾ ಎಂದು ಪ್ರತಿ ಸಲ ಲೆಕ್ಕ ಹಾಕಿಯೇ ನೋಡಿ, ಕಣ್ಣಂದಾಜು ಬೇಡ. ಒಂದೇ ಇಲ್ಲದಿದ್ದರೆ ಏನು ಮಾಡಬೇಕು ಎಂಬುದು ಹಂತ 5ರಲ್ಲಿದೆ.

ಹಂತ 3: ಸೂತ್ರ ಹಾಕಿ, ಅದು ಯಾಕೆ ನಿಜ ಎಂದೂ ತಿಳಿಯಿರಿ

ಸೂತ್ರ ಇಷ್ಟೇ:

`P(|X − μ| < c) ≥ 1 − σ²/c²`

ನಮ್ಮ ಅಂಕಿ ಹಾಕಿದರೆ 64/400 = 0.16. 1 − 0.16 = 0.84. ಉತ್ತರ: ಕನಿಷ್ಠ 0.84.

ಪುಸ್ತಕದಲ್ಲಿ ಇದನ್ನು k ಇಟ್ಟು `1 − 1/k²` ಎಂದು ಬರೆದಿರುತ್ತಾರೆ. ಇಲ್ಲಿ k ಎಂದರೆ ಆ ದೂರದಲ್ಲಿ ಎಷ್ಟು ಎಸ್.ಡಿ. ಇವೆ ಎಂಬುದು. 20/8 = 2.5, ಅದರ ವರ್ಗ 6.25, 1/6.25 = 0.16. ಅದೇ ಉತ್ತರ. ಎರಡರಲ್ಲಿ ಒಂದನ್ನು ಹಿಡಿದುಕೊಳ್ಳಿ. ಒಂದು ಸಾಲಿನಲ್ಲಿ k, ಮುಂದಿನ ಸಾಲಿನಲ್ಲಿ c ಬಳಸಿ k ಜಾಗದಲ್ಲಿ 20 ಹಾಕಿದವರಿಗೆ 1 − 1/400 = 0.9975 ಬರುತ್ತದೆ. ಅದು ಬರೀ ತಪ್ಪು. ನನ್ನ ಸಲಹೆ c ಇರುವ ರೂಪ. ವೇರಿಯನ್ಸ್ ಕೊಟ್ಟಿದ್ದಾಗ ವರ್ಗಮೂಲ ತೆಗೆಯುವ ಕೆಲಸವೇ ಇರುವುದಿಲ್ಲ.

ಈಗ ಯಾಕೆ ಎಂಬ ಪ್ರಶ್ನೆ. ಸೂತ್ರ ಮರೆತರೂ ಇದು ನೆನಪಿದ್ದರೆ ಪರೀಕ್ಷಾ ಕೊಠಡಿಯಲ್ಲೇ ಅದನ್ನು ಮತ್ತೆ ಕಟ್ಟಿಕೊಳ್ಳಬಹುದು.

ನೂರು ದಿನಗಳನ್ನು ಊಹಿಸಿಕೊಳ್ಳಿ. ಆ ನೂರು ದಿನಗಳ ಸರಾಸರಿ ಸರಿಯಾಗಿ 120, ವೇರಿಯನ್ಸ್ ಸರಿಯಾಗಿ 64 ಎಂದಿಟ್ಟುಕೊಳ್ಳಿ. ವೇರಿಯನ್ಸ್ ಎಂದರೆ ದೂರದ ವರ್ಗಗಳ ಸರಾಸರಿ ಎಂದೆವು. ಹಾಗಾದರೆ ನೂರು ದಿನಗಳ ದೂರದ ವರ್ಗಗಳನ್ನೆಲ್ಲ ಕೂಡಿದರೆ 6400 ಬರಬೇಕು. ಅದಕ್ಕಿಂತ ಒಂದು ಗುಲಗಂಜಿಯೂ ಜಾಸ್ತಿ ಬರುವಂತಿಲ್ಲ.

ಈಗ ಮಾರಾಟ 100 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 140 ಅಥವಾ ಅದಕ್ಕಿಂತ ಜಾಸ್ತಿ ಆದ ದಿನಗಳನ್ನು ನೋಡಿ. ಅಂಥ ಪ್ರತಿ ದಿನವೂ ಸರಾಸರಿಯಿಂದ ಕನಿಷ್ಠ 20 ದೂರ. ಅದರ ವರ್ಗ ಕನಿಷ್ಠ 400. ಅಂದರೆ ಅಂಥ ಒಂದೊಂದು ದಿನವೂ 6400ರಲ್ಲಿ ಕನಿಷ್ಠ 400 ಅನ್ನು ತಿಂದುಹಾಕುತ್ತದೆ. ಹಾಗಾದರೆ ಅಂಥ ದಿನಗಳು ಹೆಚ್ಚೆಂದರೆ ಎಷ್ಟು? 6400 ಭಾಗಿಸು 400, ಅಂದರೆ 16. ಹದಿನೇಳನೆಯ ದಿನಕ್ಕೆ ಲೆಕ್ಕದಲ್ಲಿ ಜಾಗವೇ ಇಲ್ಲ. ಉಳಿದ 84 ದಿನಗಳಾದರೂ ನಡುವೆ ಇರಲೇಬೇಕು.

ಇಷ್ಟೇ ಸಾಧನೆ. ಇದರಲ್ಲಿ ಗಂಟೆ ಆಕಾರದ ವಕ್ರರೇಖೆ ಬಂತಾ? ಇಲ್ಲ. ಎಡಬಲ ಸಮ ಇರಬೇಕು ಎಂದು ಎಲ್ಲಾದರೂ ಹೇಳಿದೆವಾ? ಇಲ್ಲ. ಅದಕ್ಕೇ ಇದು ಯಾವ ಡಿಸ್ಟ್ರಿಬ್ಯೂಶನ್‌ಗೂ ಸಲ್ಲುತ್ತದೆ. ವೇರಿಯನ್ಸ್‌ಗೆ ಒಂದು ನಿಶ್ಚಿತ ಬೆಲೆ ಇದ್ದರೆ ಸಾಕು.

ಉತ್ತರಪತ್ರಿಕೆಯಲ್ಲಿ ಇದನ್ನು ಹೀಗೆ ಬರೆಯಿರಿ:

```
μ = 120, σ² = 64
100 < X < 140  ⇔  |X − 120| < 20,  c = 20
P(|X − 120| ≥ 20) ≤ 64/400 = 0.16
∴ P(100 < X < 140) ≥ 1 − 0.16 = 0.84
```

ಮೂರನೆಯ ಸಾಲನ್ನು ಹಾರಿಸಬೇಡಿ. ಬಾಲದ ಮಿತಿ ಮೊದಲು, ಅದರಿಂದ ನಡುವಿನ ಭಾಗ ಆಮೇಲೆ ಎಂಬ ಕ್ರಮ ಕಾಣಬೇಕು. ಕೊನೆಯ ಸಾಲಿನಲ್ಲಿ `=` ಬರೆದರೆ ತಪ್ಪು, `≥` ಬೇಕು. ಸಂಭವನೀಯತೆ 0.84 ಎಂದು ನಾವು ಹೇಳುತ್ತಿಲ್ಲ. ಅದು 0.84ಕ್ಕಿಂತ ಕೆಳಗೆ ಇಳಿಯಲಾರದು ಎನ್ನುತ್ತಿದ್ದೇವೆ.

ಹಂತ 4: ಉತ್ತರವನ್ನು ಪರೀಕ್ಷಿಸಿ

ಮೊದಲ ಪರೀಕ್ಷೆ ಸುಲಭ. c ಎಂಬುದು σಗಿಂತ ಜಾಸ್ತಿ ಇರಬೇಕು. ಅದೇ ಪ್ರಶ್ನೆಯಲ್ಲಿ 114 ಮತ್ತು 126ರ ನಡುವೆ ಎಂದು ಕೇಳಿದ್ದರೆ c = 6 ಆಗುತ್ತಿತ್ತು, 64/36 ಎಂಬುದು 1ಕ್ಕಿಂತ ಜಾಸ್ತಿ, 1ರಿಂದ ಕಳೆದರೆ ಮೈನಸ್. ಉತ್ತರಪತ್ರಿಕೆಯಲ್ಲಿ ಮೈನಸ್ ಸಂಭವನೀಯತೆ ಬರೆದು ಬಿಡಬೇಡಿ. ಅಂಕಿ ಸರಿಯಾಗಿ ಓದಿದ್ದೀರಿ ಎಂಬುದು ಖಾತ್ರಿಯಾದ ಮೇಲೂ ಹೀಗೆ ಬಂದರೆ, 'ಈ ಅಂತರಕ್ಕೆ ಚೆಬಿಶೆವ್ ಅಸಮತೆಯಿಂದ 0ಗಿಂತ ಮೇಲಿನ ಖಾತ್ರಿ ಸಿಗುವುದಿಲ್ಲ' ಎಂದು ಬರೆಯಿರಿ. ಅದು ಪೂರ್ಣ ಉತ್ತರ.

ಎರಡನೆಯದು, ಪದೇ ಪದೇ ಬರುವ ವಾದ. "ನಾರ್ಮಲ್ ಟೇಬಲ್‌ನಲ್ಲಿ 2.5ಕ್ಕೆ 0.9876 ಬರುತ್ತೆ. 0.84 ಅಂದ್ರೆ ತೀರಾ ಕಡಿಮೆ ಆಯ್ತಲ್ವಾ ಸರ್?" X ನಾರ್ಮಲ್ ಎಂದು ಗೊತ್ತಿದ್ದರೆ 0.9876 ಸರಿ. ಗೊತ್ತಿಲ್ಲದಿದ್ದರೆ ಅದು ಖಾತ್ರಿ ಅಲ್ಲ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಒಂದು ಉದಾಹರಣೆ ನೋಡಿ.

ಆ ಅಂಗಡಿಯ ಮಾರಾಟಕ್ಕೆ ಮೂರೇ ಬೆಲೆಗಳಿವೆ ಎಂದುಕೊಳ್ಳಿ. 100 ಕಿಲೋ ಆಗುವ ಸಂಭವನೀಯತೆ 0.08, 120 ಕಿಲೋ ಆಗುವುದು 0.84, 140 ಕಿಲೋ ಆಗುವುದು 0.08. ಎರಡೂ ತುದಿ ಸಮ, ಹಾಗಾಗಿ ಸರಾಸರಿ 120. ವೇರಿಯನ್ಸ್ ಎಷ್ಟು? 120 ಆದ ದಿನ ದೂರ 0. ಉಳಿದ ದಿನ ದೂರದ ವರ್ಗ 400, ಅದರ ಸಂಭವನೀಯತೆ ಒಟ್ಟು 0.16. 400 ಗುಣಿಸು 0.16, ಅಂದರೆ 64. ಪ್ರಶ್ನೆಯ ಎರಡೂ ಷರತ್ತು ಪೂರೈಸಿದವು. ಈಗ 100 ಮತ್ತು 140ರ ನಡುವೆ, ಅಂಚುಗಳನ್ನು ಬಿಟ್ಟು, ಇರುವ ಸಂಭವನೀಯತೆ? ಸರಿಯಾಗಿ 0.84.

ಅಂದರೆ ಸರಾಸರಿ 120, ವೇರಿಯನ್ಸ್ 64 ಎಂದಷ್ಟೇ ಗೊತ್ತಿರುವವರು 0.85 ಎಂದು ಭರವಸೆ ಕೊಟ್ಟರೂ ಅದು ಸುಳ್ಳಾಗುವ ಒಂದು ಸಂದರ್ಭ ಇದೆ. 0.84 ಎಂಬುದು ಸೂತ್ರದ ಸೋಮಾರಿತನದಿಂದ ಬಂದ ಕಡಿಮೆ ಅಂಕಿಯಲ್ಲ. ನಮಗೆ ಕೊಟ್ಟಿರುವ ಮಾಹಿತಿಯಿಂದ ಅದಕ್ಕಿಂತ ಮೇಲೆ ಹೋಗಲು ಆಗುವುದೇ ಇಲ್ಲ. ಈ ಮೂರು ಬೆಲೆಯ ಉದಾಹರಣೆಯನ್ನು ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡಿ. 'ಈ ಮಿತಿಯನ್ನು ಇನ್ನು ಉತ್ತಮಪಡಿಸಲಾಗದು ಎಂದು ತೋರಿಸಿ' ಎಂಬ ಪ್ರಶ್ನೆಗೆ ಉತ್ತರವೂ ಇದೇ.

ಹಂತ 5: ಎರಡು ಕಡೆಯ ದೂರ ಬೇರೆ ಬೇರೆ ಇದ್ದರೆ

ಪ್ರಶ್ನೆಯಲ್ಲಿ 140ರ ಬದಲು 150 ಇದೆ ಎಂದುಕೊಳ್ಳಿ. 100 ಮತ್ತು 150ರ ನಡುವೆ. ಎಡಕ್ಕೆ ದೂರ 20, ಬಲಕ್ಕೆ 30. ಯಾವ c ಹಾಕಬೇಕು?

ಚಿಕ್ಕದನ್ನು ಹಾಕಿ. 100ರಿಂದ 140 ಎಂಬುದು 100ರಿಂದ 150ರ ಒಳಗೇ ಇದೆ. ಒಳಗಿನ ಚಿಕ್ಕ ಅಂತರಕ್ಕೆ ಕನಿಷ್ಠ 0.84 ಇದ್ದರೆ, ಹೊರಗಿನ ದೊಡ್ಡದಕ್ಕೂ ಕನಿಷ್ಠ 0.84 ಇರಲೇಬೇಕು. ಪರೀಕ್ಷೆಯಲ್ಲಿ ಇಷ್ಟು ಸಾಕು.

ದೊಡ್ಡದನ್ನು ಹಾಕಿದವರಿಗೆ 64/900, ಅಂದರೆ ಸುಮಾರು 0.071, ಉತ್ತರ 0.929 ಬರುತ್ತದೆ. ಇದು ತಪ್ಪು ಎಂದು ಹೇಗೆ ಗೊತ್ತು? ಮೇಲಿನ ಮೂರು ಬೆಲೆಯ ಉದಾಹರಣೆಯನ್ನೇ ತನ್ನಿ. ಅದರಲ್ಲಿ 100 ಮತ್ತು 150ರ ನಡುವೆ ಇರುವ ಸಂಭವನೀಯತೆ 0.84 ಕೂಡಿಸು 0.08, ಅಂದರೆ 0.92. 0.929 ಎಂಬ ಭರವಸೆ ಮುರಿದುಬಿತ್ತು.

ಇನ್ನು ಕೆಲವರು ಅಂತರದ ಮಧ್ಯಬಿಂದು 125 ಹಿಡಿದು, ಅಲ್ಲಿಂದ ಎರಡೂ ಕಡೆ 25 ಎಂದು 64/625 ಬರೆಯುತ್ತಾರೆ. ಯೋಚನೆ ಒಳ್ಳೆಯದು, ಒಂದು ತುಂಡು ಬಿಟ್ಟುಹೋಗಿದೆ. 64 ಎಂಬುದು 120ರಿಂದ ಅಳೆದ ದೂರಗಳ ವರ್ಗದ ಸರಾಸರಿ. ಅಳತೆಯ ಜಾಗವನ್ನು 125ಕ್ಕೆ ಸರಿಸಿದರೆ ಆ ಸರಾಸರಿಗೆ ಸರಿಸಿದ ದೂರದ ವರ್ಗ, ಅಂದರೆ 5ರ ವರ್ಗ 25, ಸೇರಿಕೊಳ್ಳುತ್ತದೆ. ಒಟ್ಟು 89. ಆಗ 89/625 = 0.1424, ಉತ್ತರ ಕನಿಷ್ಠ 0.8576. ಇದು ಪೂರ್ತಿ ಸರಿಯಾದ ಉತ್ತರ, 0.84ಕ್ಕಿಂತ ಬಿಗಿಯಾದದ್ದೂ ಹೌದು. ನೂರು ದಿನಗಳ ವಾದವನ್ನೇ 125ರಿಂದ ಅಳೆದು ಮಾಡಿದರೆ ಇದು ಹೊರಬರುತ್ತದೆ. ಆದರೆ ಬರೆಯುವಾಗ 64 + 25 ಎಂಬ ಸಾಲನ್ನು ಕಾಣುವಂತೆ ಬರೆಯಿರಿ, ಇಲ್ಲದಿದ್ದರೆ ಮೌಲ್ಯಮಾಪನ ಮಾಡುವವರಿಗೆ 89 ಎಲ್ಲಿಂದ ಬಂತು ಎಂದೇ ತಿಳಿಯುವುದಿಲ್ಲ.

ಹಂತ 6: ಪ್ರಶ್ನೆ ತಿರುಗಿಸಿ ಬಂದರೆ

ಅದೇ ಪ್ರಶ್ನೆಯ ಎರಡನೇ ಭಾಗ ಹೀಗಿರುತ್ತದೆ: "ಮಾರಾಟವು ಕನಿಷ್ಠ 0.96 ಸಂಭವನೀಯತೆಯಿಂದ ಯಾವ ಅಂತರದಲ್ಲಿ ಇರುತ್ತದೆ?" ಈಗ ಸಂಭವನೀಯತೆ ಕೊಟ್ಟಿದ್ದಾರೆ, c ಕಂಡುಹಿಡಿಯಬೇಕು.

ಒಳಗೆ 0.96 ಬೇಕೆಂದರೆ ಬಾಲಕ್ಕೆ ಬಿಡಬಹುದಾದದ್ದು 0.04. ಹಾಗಾಗಿ 64/c² = 0.04. c² = 1600, c = 40. ಅಂತರ 80ರಿಂದ 160 ಕಿಲೋ.

ಇಲ್ಲಿ ಎಡವುವುದು 0.04 ಬದಲು 0.96 ಅನ್ನೇ ಹಾಕಿದಾಗ. 64/0.96 ಎಂದರೆ ಸುಮಾರು 66.7, c ಸುಮಾರು 8.2. ಈ ಉತ್ತರ ಬಂದ ಕೂಡಲೇ σ ಜೊತೆ ಹೋಲಿಸಿ. σ ಎಂಬುದು 8. ಒಂದೇ ಒಂದು ಎಸ್.ಡಿ. ಅಷ್ಟು ದೂರದಲ್ಲಿ ಚೆಬಿಶೆವ್ ಹೆಚ್ಚುಕಡಿಮೆ ಏನೂ ಹೇಳುವುದಿಲ್ಲ ಎಂದು ಹಂತ 4ರಲ್ಲೇ ನೋಡಿದೆವು. 0.96 ಖಾತ್ರಿ ಅಲ್ಲಿಂದ ಬರಲು ಸಾಧ್ಯವೇ ಇಲ್ಲ.

80ರಿಂದ 160 ಎಂದರೆ ತುಂಬ ಅಗಲ ಅನ್ನಿಸಬಹುದು. ನಾರ್ಮಲ್ ಎಂದು ಗೊತ್ತಿದ್ದಿದ್ದರೆ ಎರಡೂ ಕಡೆ ಸುಮಾರು 16.4 ಕಿಲೋ ಸಾಕಾಗುತ್ತಿತ್ತು. ಡಿಸ್ಟ್ರಿಬ್ಯೂಶನ್‌ನ ಆಕಾರ ಗೊತ್ತಿಲ್ಲದ್ದಕ್ಕೆ ತೆರಬೇಕಾದ ಬೆಲೆ ಈ 16.4 ಮತ್ತು 40ರ ನಡುವಿನ ವ್ಯತ್ಯಾಸ. ನಿಜವಾದ ಅಂಗಡಿಯವರಿಗೆ ಗೋದಾಮಿನಲ್ಲಿ ಎಷ್ಟು ಮಂಡಕ್ಕಿ ಇಡಬೇಕು ಎಂದು ಹೇಳುವುದಾದರೆ ನಾನು ಚೆಬಿಶೆವ್ ಅಂಕಿಗೇ ನಿಲ್ಲುವುದಿಲ್ಲ, ಹಿಂದಿನ ಮಾರಾಟದ ಲೆಕ್ಕಪುಸ್ತಕ ಕೇಳುತ್ತೇನೆ. ಹಬ್ಬದ ದಿನ, ಸಂತೆಯ ದಿನ ಎಂದು ಆಕಾರ ಅದರಲ್ಲೇ ಕಾಣುತ್ತದೆ. ಪರೀಕ್ಷೆಯಲ್ಲಿ ಆ ಪುಸ್ತಕ ಇರುವುದಿಲ್ಲ.

ಹಂತ 7: ಒಂದೇ ಕಡೆಯ ಬಾಲ ಕೇಳಿದರೆ

"ಮಾರಾಟ 144 ಕಿಲೋಗಿಂತ ಕಡಿಮೆ ಇರುವ ಸಂಭವನೀಯತೆ ಕನಿಷ್ಠ ಎಷ್ಟು?" ಈಗ ಒಂದೇ ಕಡೆ ಅಂಚು ಇದೆ. ದೂರ 24, ವರ್ಗ 576.

ಚೆಬಿಶೆವ್ ಪ್ರಕಾರ ಎರಡೂ ಬಾಲ ಸೇರಿ ಹೆಚ್ಚೆಂದರೆ 64/576, ಅಂದರೆ 1/9. ಎರಡೂ ಸೇರಿಯೇ ಇಷ್ಟು ಎಂದ ಮೇಲೆ ಬಲಗಡೆಯದೊಂದೇ ಇದಕ್ಕಿಂತ ಜಾಸ್ತಿ ಆಗಲಾರದು. ಹಾಗಾಗಿ ಕನಿಷ್ಠ 8/9 ಎಂಬ ಉತ್ತರ ಸಿಗುತ್ತದೆ.

ಇಲ್ಲಿ ಬಹಳ ಜನ ಇನ್ನೊಂದು ಹೆಜ್ಜೆ ಇಡುತ್ತಾರೆ. ಎರಡು ಬಾಲಕ್ಕೆ 1/9 ಆದರೆ ಒಂದಕ್ಕೆ ಅರ್ಧ, 1/18 ಎನ್ನುತ್ತಾರೆ. ಎಡಬಲ ಸಮ ಇದೆ ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಮಾತ್ರ ಹಾಗೆ ಮಾಡಬಹುದು. ಹೇಳಿಲ್ಲದಿದ್ದರೆ ಇಡೀ ಬಾಲ ಬಲಗಡೆಯೇ ಇರಬಹುದು.

ಒಂದೇ ಕಡೆಗೆಂದೇ ಮಾಡಿದ ಅಸಮತೆಯೊಂದಿದೆ, ಕ್ಯಾಂಟೆಲ್ಲಿ ಅಸಮತೆ ಎನ್ನುತ್ತಾರೆ. ಕೆಲವು ಪುಸ್ತಕಗಳಲ್ಲಿ 'ಒಂದು ಬದಿಯ ಚೆಬಿಶೆವ್' ಎಂದಿರುತ್ತದೆ:

`P(X ≥ μ + c) ≤ σ²/(σ² + c²)`

ಅಂಕಿ ಹಾಕಿದರೆ 64/(64 + 576) = 64/640 = 0.1. ಹಾಗಾಗಿ 144ಕ್ಕಿಂತ ಕಡಿಮೆ ಇರುವುದು ಕನಿಷ್ಠ 0.9. ಇದು 8/9ಕ್ಕಿಂತ ಸ್ವಲ್ಪ ಮೇಲೆ.

ಈ 0.1 ನಿಜಕ್ಕೂ ಮುಟ್ಟಬಹುದಾದ ಅಂಕಿ. 144 ಕಿಲೋ ಆಗುವ ಸಂಭವನೀಯತೆ 0.1 ಎಂದೂ, ಉಳಿದ 0.9ರಲ್ಲಿ ಮಾರಾಟ 120ಕ್ಕಿಂತ 8/3 ಕಿಲೋ ಕಡಿಮೆ ಎಂದೂ ಇಡಿ. ಮೇಲಕ್ಕೆ 24 ಗುಣಿಸು 0.1 ಎಂದರೆ 2.4, ಕೆಳಕ್ಕೆ 8/3 ಗುಣಿಸು 0.9 ಎಂದರೂ 2.4, ಹಾಗಾಗಿ ಸರಾಸರಿ 120ರಲ್ಲೇ ನಿಂತಿತು. ವೇರಿಯನ್ಸ್‌ಗೆ 576ರ ಹತ್ತನೇ ಒಂದು ಭಾಗ 57.6, ಮತ್ತು 64/9ರ 0.9 ಭಾಗ 6.4. ಕೂಡಿದರೆ 64. ಬಲಗಡೆಯ ಬಾಲ 0.1 ಇರುವ ಡಿಸ್ಟ್ರಿಬ್ಯೂಶನ್ ಕಣ್ಣೆದುರೇ ಇದೆ, ಹಾಗಾಗಿ 1/18 ಎಂದು ಅರ್ಧ ಮಾಡಿದ ಉತ್ತರ ನಿಲ್ಲುವುದಿಲ್ಲ.

ಯಾವ ಉತ್ತರ ಬರೆಯಬೇಕು ಎಂಬುದನ್ನು ಪ್ರಶ್ನೆಯ ಮಾತೇ ಹೇಳುತ್ತದೆ. 'ಚೆಬಿಶೆವ್ ಅಸಮತೆ ಬಳಸಿ' ಎಂದಿದ್ದರೆ 8/9 ಬರೆಯಿರಿ. 'ಒಂದು ಬದಿಯ' ಎಂದಿದ್ದರೆ, ಅಥವಾ ಯಾವ ಅಸಮತೆ ಎಂದು ಹೇಳದೆ 'ಸಾಧ್ಯವಾದಷ್ಟು ಬಿಗಿಯಾದ ಮಿತಿ' ಕೇಳಿದ್ದರೆ 0.9. ಇನ್ನು ವೇರಿಯನ್ಸ್ ಇರಬೇಕಾದ ಸಾಲೇ ಫೋಟೊದಲ್ಲಿ ಕಾಣಿಸದಿದ್ದರೆ, ಸರಾಸರಿಯೊಂದನ್ನೇ ಹಿಡಿದು ಮಾರ್ಕೊವ್ ಅಸಮತೆ ಹಾಕಲು ಮನಸ್ಸು ಎಳೆಯುತ್ತದೆ. ಮಾರಾಟ ಮೈನಸ್ ಆಗುವುದಿಲ್ಲ, ಹಾಗಾಗಿ ಅದು ಇಲ್ಲಿ ಸಲ್ಲುತ್ತದೆ ಕೂಡ. ಆದರೆ ಅದರಿಂದ 144 ಮತ್ತು ಮೇಲಿನ ಬಾಲಕ್ಕೆ ಸಿಗುವ ಮಿತಿ 120/144, ಅಂದರೆ 5/6. ಕನಿಷ್ಠ ಖಾತ್ರಿ 1/6ಕ್ಕೆ ಇಳಿಯಿತು. ಅದನ್ನು ಬರೆಯುವ ಮೊದಲು ಫೋಟೊ ಕಳಿಸಿದವರಿಗೆ ಫೋನ್ ಮಾಡಿ, ಆ ಒಂದು ಸಾಲನ್ನು ಓದಿಸಿಕೊಳ್ಳಿ.